ರಾತ್ರಿ ಪಾಳಿಯವನಿಗೆ ‘ಬೆಳಗ್ಗೆ’ ಯಾವಾಗ? ಒಂದು ಎದೆಯುರಿಯ ಪ್ರಕರಣ

ಹೆಸರು, ಊರು ಬದಲಿಸಿದ್ದೇನೆ. ದಿನೇಶ ಎಂದಿಟ್ಟುಕೊಳ್ಳಿ. ಕುಂಬಳೆ ಕಡೆಯವರು, ವಯಸ್ಸು ಮೂವತ್ತಾರು, ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಕೆಲಸ. ನನ್ನ ಬಳಿ ಬಂದದ್ದು ಹೊಟ್ಟೆಗಾಗಿ ಅಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ ಎಂದು. “ನಿದ್ದೆಯೇ ಇಲ್ಲ ಮೇಡಂ, ಮಲಗಿದರೆ ಎದೆ ಉರಿ, ಎದ್ದರೆ ತಲೆಭಾರ” ಎಂದರು. ಸಿಟ್ಟಿನ ಬೇರು ಅಲ್ಲೇ ಇದ್ದ ಹಾಗೆ ಕಂಡಿತು.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಗಾಗಿದೆಯೇ, ವಾಂತಿಯಲ್ಲಿ ರಕ್ತ ಬಂದಿದೆಯೇ, ಉರಿ ಎನ್ನುವುದು ಕೈಗೆ, ದವಡೆಗೆ ಹರಿದು ಬೆವರು ಬರಿಸುತ್ತದೆಯೇ. ಒಂದಕ್ಕೆ ಹೌದು ಎಂದರೂ ಊಟದ ಹೊತ್ತಿನ ಮಾತು ಆಮೇಲೆ, ಮೊದಲು ಆಸ್ಪತ್ರೆ. ಇವರಿಗೆ ಅದಾವುದೂ ಇರಲಿಲ್ಲ. ಡಾಕ್ಟರಿಗೆ ತೋರಿಸಿದ್ದರು, ಇಸಿಜಿ ಆಗಿತ್ತು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟಿದ್ದರು. ಗುಣ ಮಾತ್ರ ಕಂಡಿರಲಿಲ್ಲ.

ಒಂದು ವಾರ ತಿಂದದ್ದು, ಕುಡಿದದ್ದು, ಮಲಗಿದ್ದು ಎಲ್ಲವನ್ನೂ ಗಂಟೆ ಹಾಕಿ ಬರೆದು ತನ್ನಿ ಎಂದೆ. ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತಂದರು, ಒಂದೆರಡು ಹಾಳೆಗಳಲ್ಲಿ ಡೀಸೆಲ್ ಕೈಯ ಗುರುತೂ ಇತ್ತು. ಬೆಳಗ್ಗೆ ಆರೂಮುಕ್ಕಾಲಿಗೆ ಮನೆ, ಮಾತ್ರೆ, ಅದರ ಬೆನ್ನಿಗೇ ಅಮ್ಮ ಹಾಕಿದ ಐದಾರು ದೋಸೆ, ತೆಂಗಿನಕಾಯಿ ಚಟ್ನಿ, ಒಂದು ಲೋಟ ಚಾ. ಏಳೂವರೆಗೆ ಹಾಸಿಗೆ. ಹನ್ನೆರಡರ ಹೊತ್ತಿಗೆ ಉರಿಯಿಂದ ಎಚ್ಚರ. ಒಂದಕ್ಕೆ ಅನ್ನ, ಮೀನು ಸಾರು, ಮತ್ತೆ ಅಡ್ಡ. ಸಂಜೆ ಹಸಿವಿಲ್ಲ, ಖಾಲಿ ಹೊಟ್ಟೆಯಲ್ಲೇ ಕೆಲಸಕ್ಕೆ. ರಾತ್ರಿ ಒಂದಕ್ಕೆ ಹಸಿವು ತಡೆಯದೆ ಬಂಕಿನ ಪಕ್ಕದ ತಟ್ಟುಕಡದಿಂದ ನಾಲ್ಕು ಪರೋಟ, ಗಸಿ. ಅದನ್ನೂ ಲಾರಿ ಬರುವ ಮೊದಲು ಮುಗಿಸಬೇಕೆಂದು ಐದೇ ನಿಮಿಷದಲ್ಲಿ. ಚಾ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಐದಕ್ಕೆ.

ಇದನ್ನು ಓದಿದಾಗ ‘ಖಾರ ಬಿಡಿ, ಎಣ್ಣೆ ಬಿಡಿ’ ಎನ್ನುವುದು ಸುಲಭ. ನನಗೆ ಕಂಡದ್ದು ಬೇರೆ. ದಿನದ ಎರಡು ದೊಡ್ಡ ಊಟದ ಬೆನ್ನಿಗೇ ಈ ಮನುಷ್ಯ ಮಲಗುತ್ತಾರೆ, ಮೂರನೆಯದನ್ನು ಹೊಟ್ಟೆ ನಿಧಾನವಾಗಿರುವ ಹೊತ್ತಿಗೆ ತುರುಕುತ್ತಾರೆ. ರಾತ್ರಿ ಹೊಟ್ಟೆ ಖಾಲಿಯಾಗುವುದೇ ಹಗಲಿಗಿಂತ ತಡ, ಆದರೆ ಆಮ್ಲ ಸುರಿಯುವುದು ಸಂಜೆಯಿಂದ ನಡುರಾತ್ರಿಯ ಸುಮಾರಿಗೆ ಹೆಚ್ಚು. ಜಿಡ್ಡಿದ್ದರೆ ಇನ್ನೂ ತಡ. ತುಂಬಿದ ಹೊಟ್ಟೆಯಲ್ಲಿ ಅಡ್ಡಬಿದ್ದರೆ ಆಮ್ಲ ಅನ್ನನಾಳಕ್ಕೆ ಬರುವುದು ಸುಲಭ.

ಮಾತ್ರೆಯದು ಇನ್ನೊಂದು ಕಥೆ. ಚೀಟಿಯಲ್ಲಿ ‘ಬೆಳಗ್ಗೆ, ಖಾಲಿ ಹೊಟ್ಟೆಗೆ’ ಎಂದಿತ್ತು. ಆ ಮಾತ್ರೆ ಹೊಟ್ಟೆ ಆಮ್ಲ ಸುರಿಸಲು ಶುರುಮಾಡಿದಾಗ ಹಿಡಿತ ತೋರಿಸುವಂಥದ್ದು. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿರಬೇಕು, ಆಮೇಲೆ ಊಟ ಬೀಳಬೇಕು. ದಿನೇಶರ ‘ಬೆಳಗ್ಗೆ’ ಎಂದರೆ ದಿನ ಮುಗಿಯುವ ಹೊತ್ತು. ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ, ಹಾಗಾಗಿ ಪಾಳಿಯ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರಲ್ಲಿಗೇ ವಾಪಸ್ ಕಳಿಸಿದೆ. ಅವರು ರಾತ್ರಿ ಪಾಳಿ ಎಂದು ಯಾರೂ ಹೇಳಿಯೇ ಇರಲಿಲ್ಲ ಎಂದರಂತೆ, ಸಂಜೆ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂದು ತಿದ್ದಿಕೊಟ್ಟರು.

ಊಟದ ವಿಷಯದಲ್ಲಿ ಮೊದಲು ಸ್ಥಳ ಬದಲಿಸಿದ್ದು ದೊಡ್ಡ ಊಟವನ್ನು. ಅದು ಸಂಜೆ ಏಳಕ್ಕೆ ಬಂತು: ಅನ್ನ, ಸಾರು, ಪಲ್ಯ, ಮೀನು, ಯಾವುದೂ ವರ್ಜ್ಯವಲ್ಲ. ಹೆಂಡತಿ ಮಗಳೂ ಆಗ ಮನೆಯಲ್ಲೇ ಇರುತ್ತಾರೆ, ಒಟ್ಟಿಗೆ ಕೂತು ಉಣ್ಣುವುದು ಎಷ್ಟೋ ಸಮಯದ ಮೇಲೆ ಸಾಧ್ಯವಾಯಿತು. ರಾತ್ರಿ ಪರೋಟದ ಜಾಗಕ್ಕೆ ಕುಚ್ಚಲಕ್ಕಿ ಗಂಜಿ, ಬಾಯಿ ಅಗಲದ ಸ್ಟೀಲ್ ಫ್ಲಾಸ್ಕಿನಲ್ಲಿ ಬಿಸಿಬಿಸಿಯಾಗಿ, ಜೊತೆಗೆ ಹೆಸರುಕಾಳಿನ ಪಲ್ಯ. ಗಂಜಿಯನ್ನೇ ಹೇಳಿದ್ದಕ್ಕೆ ಕಾರಣವಿದೆ. ಲಾರಿ ಬಂದರೆ ಮುಚ್ಚಳ ಹಾಕಿ ಎದ್ದು ಹೋಗಬಹುದು, ಬಂದು ಮತ್ತೆ ಎರಡು ಚಮಚ ಕುಡಿಯಬಹುದು. ಪರೋಟ ಆರಿದರೆ ಚರ್ಮದಂತಾಗುತ್ತದೆ, ಅದಕ್ಕೇ ಅವರು ಅವಸರದಲ್ಲಿ ನುಂಗುತ್ತಿದ್ದದ್ದು. ಹನ್ನೆರಡರಿಂದ ಎರಡರ ನಡುವೆ ಯಾವಾಗ ಬಿಡುವಾದರೂ ಸರಿ ಎಂದೆವು.

ಕಷ್ಟವಾದದ್ದು ಬೆಳಗಿನ ದೋಸೆ. ದೋಸೆ ಕಡಿಮೆ ಮಾಡಿ ಎಂದರೆ ಅಮ್ಮನ ಮನಸ್ಸು ಕುಗ್ಗುತ್ತದೆ. ಅವರನ್ನೂ ಕರೆಸಿದೆ. “ರಾತ್ರಿ ಇಡೀ ನಿಂತು ಬಂದವನು, ಹೊಟ್ಟೆಗೆ ಹಾಕದೆ ಮಲಗುವುದುಂಟಾ?” ಎಂದು ನನ್ನನ್ನೇ ಕೇಳಿದರು. ಹಸಿದು ಮಲಗಿದರೂ ನಿದ್ದೆ ಕೆಡುತ್ತದೆ ಎನ್ನುವುದು ಸರಿಯೇ, ಅದನ್ನು ಒಪ್ಪಿದೆ. ಕೊನೆಗೆ ಎರಡು ದೋಸೆ, ಚಟ್ನಿ ಸ್ವಲ್ಪ, ಚಾ ಬದಲು ಜೀರಿಗೆ ನೀರು ಎಂದು ಒಪ್ಪಂದವಾಯಿತು. ತಿಂದು ಸ್ನಾನ, ಮಗಳನ್ನು ಶಾಲೆಯ ಬಸ್ಸಿಗೆ ಬಿಡುವುದು, ಹೀಗೆ ಒಂದು ಗಂಟೆಗೂ ಮಿಕ್ಕಿ ನೆಟ್ಟಗಿರಬೇಕು. ಹಾಸಿಗೆಗೆ ಎಂಟೂವರೆ. ದೊಡ್ಡ ಊಟವಾಗಿದ್ದರೆ ಈ ಅಂತರ ಎರಡು ಮೂರು ಗಂಟೆ ಬೇಕಿತ್ತು, ತಿಂಡಿ ಸಣ್ಣದಾದ್ದರಿಂದ ಇಷ್ಟರಲ್ಲಿ ನಡೆಯಿತು. ಮಧ್ಯಾಹ್ನದ ಊಟ ಎಚ್ಚರವಾದ ಮೇಲೆ, ಹಗುರಾಗಿ, ಮತ್ತೆ ಮಲಗುವಂತಿಲ್ಲ.

ಮಂಚದ ತಲೆಯ ಕಡೆಯ ಎರಡು ಕಾಲಿಗೆ ಮರದ ತುಂಡು ಕೊಟ್ಟು ಆರು ಇಂಚು ಎತ್ತರಿಸಿದರು. ಅಲ್ಲಿಯವರೆಗೆ ಎರಡು ದಿಂಬು ಇಡುತ್ತಿದ್ದರು. ಅದರಿಂದ ಕತ್ತು ಬಾಗಿ ಹೊಟ್ಟೆ ಮಡಚುತ್ತದೆ, ಉಪಯೋಗ ಕಡಿಮೆ. ಎಡಮಗ್ಗುಲಾಗಿ ಮಲಗಲು ಹೇಳಿದೆ.

ಚಾದ ಲೆಕ್ಕವನ್ನು ಹಾಸಿಗೆಯಿಂದ ಹಿಂದಕ್ಕೆ ಎಣಿಸಿದೆವು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಹಿಡಿಯುತ್ತದೆ. ಐದು ಗಂಟೆಯ ಚಾದ ಅರ್ಧ ಪಾಲು ಹತ್ತೂವರೆಗೂ ಒಳಗೇ ಇರುತ್ತದೆ, ಅವರ ನಿದ್ದೆಯ ನಟ್ಟನಡುವೆ. ಎಂಟೂವರೆಗೆ ಮಲಗುವವರಿಗೆ ಕೊನೆಯ ಚಾ ಎರಡು ಗಂಟೆಗೆ. “ಆಮೇಲೆ ಸುಲೈಮಾನಿ ಕುಡಿಯಬಹುದಲ್ಲ, ಹಾಲಿಲ್ಲ” ಎಂದರು. ಹಾಲಿಲ್ಲದಿದ್ದರೂ ಚಾಪುಡಿ ಅದೇ, ಮೇಲೆ ಲಿಂಬೆ ಬೇರೆ.

ಮೊದಲ ವಾರ ಎರಡು ಚಾ ಒಮ್ಮೆಗೇ ಬಿಟ್ಟು ತಲೆನೋವು ಹತ್ತಿಸಿಕೊಂಡರು. ಹಾಗಾಗಿ ಐದರದ್ದನ್ನು ಮೊದಲು, ನಾಲ್ಕು ದಿನ ಬಿಟ್ಟು ನಾಲ್ಕರದ್ದನ್ನು ಎಂದು ತಿದ್ದಿದೆವು. ಇಲ್ಲಿ ಒಂದು ಅಪಾಯವೂ ಇದೆ. ಬೆಳಗಿನ ಜಾವ ದೇಹವೇ ತೂಕಡಿಸುವ ಹೊತ್ತು, ಚಾ ಇಲ್ಲದೆ ಬೈಕಿನಲ್ಲಿ ಮನೆಗೆ ಹೋಗುವುದು ಎದೆಯುರಿಗಿಂತ ಕೆಟ್ಟದ್ದಾಗಬಹುದು. ಜೊತೆಯವನೊಡನೆ ಮಾತಾಡಿಕೊಂಡು ಮೂರೂವರೆ ಸುಮಾರಿಗೆ ಸರದಿಯಂತೆ ಇಪ್ಪತ್ತು ನಿಮಿಷ ಕುರ್ಚಿಯಲ್ಲೇ ನಿದ್ದೆ, ಚಾ ಬಿಡುವ ಎರಡು ವಾರ ಮನೆಗೆ ಬಸ್ಸು. ಬೈಕು ಬಿಡಲು ಅವರಿಗೆ ಮನಸ್ಸಿರಲಿಲ್ಲ, ನಾನು ಪಟ್ಟು ಹಿಡಿದೆ.

ತಿಂಗಳ ನಂತರದ ಬರಹದಲ್ಲಿ ಹನ್ನೆರಡರ ಎಚ್ಚರ ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿದಿತ್ತು, ನಿದ್ದೆ ಒಂದೂವರೆವರೆಗೆ ಹೋಗುತ್ತಿತ್ತು. ಉರಿ ಮರಳಿದ ದಿನಗಳನ್ನು ನೋಡಿದರೆ ಮದುವೆಮನೆಯ ಬಿರಿಯಾನಿ ಒಂದು, ಉಳಿದವೆಲ್ಲ ಇನ್ನೊಬ್ಬ ಬಾರದೆ ಬೆಳಗ್ಗೆ ಹತ್ತರವರೆಗೆ ನಿಂತ ದಿನಗಳು. ಅಂಥ ದಿನ ಊಟದ ಹೊತ್ತೂ, ನಿದ್ದೆಯೂ ಒಟ್ಟಿಗೆ ಕೆಡುತ್ತವೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಆ ದಿನ ತಿಂಡಿಯನ್ನು ಬಂಕಿನಲ್ಲೇ ಏಳಕ್ಕೆ ಮುಗಿಸಿ, ಮನೆಗೆ ಬಂದು ಬರೀ ನೀರು ಕುಡಿದು ಮಲಗಿ ಎಂದಿದ್ದೇನೆ. ರಜೆಯ ದಿನ ಪೂರ್ತಿ ಹಗಲಿನವರಾಗದೆ, ಎಂಟೂವರೆಯಿಂದ ಹನ್ನೆರಡೂವರೆಯ ನಿದ್ದೆಯನ್ನಷ್ಟೇ ಉಳಿಸಿಕೊಳ್ಳಲು ಹೇಳಿದೆ. ಅದು ಅವರಿಗೆ ಹಿಡಿಸಿಲ್ಲ, ಭಾನುವಾರ ಮಗಳ ಜೊತೆ ಸಮುದ್ರದ ಕಡೆ ಹೋಗಲೇಬೇಕಂತೆ. ಅದಕ್ಕೆ ನಾನೂ ಒತ್ತಾಯ ಮಾಡಿಲ್ಲ. ಮಾತ್ರೆ ಎಷ್ಟು ದಿನ ಮುಂದುವರಿಸಬೇಕೆಂದು ಕೇಳಲು ಮುಂದಿನ ವಾರ ಡಾಕ್ಟರಲ್ಲಿಗೆ ಹೋಗುವವರಿದ್ದಾರೆ, ಬಿಲ್ ಪುಸ್ತಕವನ್ನೂ ಒಯ್ಯಲು ಹೇಳಿದ್ದೇನೆ.