ಕರಕರ ನಿಂತಿತು, ಮಾತು ಕೆಟ್ಟಿತು: ಜಿಟರ್ ಬಫರ್ ಎಷ್ಟಿರಬೇಕು?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ಆಫೀಸು. ಇಂಟರ್ನೆಟ್ ಫೋನ್ ಹಾಕಿಸಿದ್ದೇವೆ. ಮಾತಿನ ಮಧ್ಯೆ ಕರಕರ ಬರ್ತಿತ್ತು ಅಂತ ಜಿಟರ್ ಬಫರ್ 500 ಮಿಲಿಸೆಕೆಂಡ್‌ಗೆ ಏರಿಸಿದೆ. ಕರಕರ ಹೋಯ್ತು, ಆದ್ರೆ ಈಗ ಇಬ್ಬರೂ ಒಟ್ಟಿಗೇ ಮಾತಾಡಿಬಿಡ್ತೀವಿ. ಕೋಡೆಕ್ ಬದಲಾಯಿಸಿದ್ರೆ ಸರಿಹೋಗುತ್ತಾ?

ಕೋಡೆಕ್ ಅಂದರೆ ಮಾತನ್ನು ಅಂಕಿಗಳಾಗಿ ಕಟ್ಟಿ ಬಿಚ್ಚುವ ಬಗೆ, ಅದರ ವಿಚಾರ ಆಮೇಲೆ. ಮೊದಲು ಆ 500 ಅನ್ನು ಇಳಿಸಿ. ಕರಕರ ಒಂದಿಷ್ಟು ವಾಪಸ್ ಬಂದರೂ ಬರಲಿ.

ನಾನು ದಾವಣಗೆರೆಯಲ್ಲಿ ಆಫೀಸುಗಳಿಗೆ ನೆಟ್‌ವರ್ಕ್, ಫೋನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಹೋದ ವರ್ಷ ಇಲ್ಲಿನ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ನಿಮ್ಮ ಕಥೆಯೇ ನಡೆದಿತ್ತು. ಅಣ್ಣ ಇಲ್ಲಿ ಮಂಡಿಯಲ್ಲಿ ಕೂರುತ್ತಾರೆ, ತಮ್ಮ ಬೆಂಗಳೂರಿನಲ್ಲಿ ಕೋಳಿ ಆಹಾರ ಮಾಡುವವರಿಗೆ ಮಾಲು ಕುದುರಿಸುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಇಬ್ಬರಿಗೂ ಫೋನು. ನನ್ನನ್ನು ಕರೆಸಿದ್ದು ಕರಕರಕ್ಕಲ್ಲ, ಅದನ್ನು ಮೊದಲೇ ಒಬ್ಬರು ಬಂದು "ಸರಿ ಮಾಡಿ" ಹೋಗಿದ್ದರು. ಅಣ್ಣ ಹೇಳಿದ್ದು ಬೇರೆಯೇ: "ರೇಟು ಹೇಳಿದ ಕೂಡ್ಲೆ ತಮ್ಮ ಸುಮ್ನಾಗಿಬಿಡ್ತಾನ್ರೀ. ಮೊದ್ಲು ಹಿಂಗಿರ್ಲಿಲ್ಲ. ನನ್ ಲೆಕ್ಕದ ಮ್ಯಾಲೆ ಅವ್ನಿಗೆ ನಂಬಿಕೆ ಹೋಗೇತೇನೋ."

ತಮ್ಮನಿಗೆ ಫೋನು ಮಾಡಿ ಕೇಳಿದರೆ ಅವರದೂ ಅದೇ ದೂರು. "ಅಣ್ಣಾರು ನಾನು ಮಾತು ಮುಗಿಸೋಕೇ ಬಿಡಲ್ಲ, ನಡುವೆ ಬಾಯಿ ಹಾಕ್ತಾರೆ."

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಂಟರ್ನೆಟ್ ಫೋನು ಮಾತನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಳಿಸುತ್ತದೆ, ಆ ತುಂಡೇ ಪ್ಯಾಕೆಟ್. ಅದು ಕಳೆದರೆ ಕಿವಿಗೆ ಸದ್ದಾಗಿ ಕೇಳುತ್ತದೆ, "ಲೈನ್ ಸರಿಯಿಲ್ಲ" ಅಂತ ಫೋನನ್ನು ಬೈಯುತ್ತೇವೆ. ತಡಕ್ಕೆ ಸದ್ದೇ ಇಲ್ಲ. ಧ್ವನಿ ಗಾಜಿನಂತೆ ಸ್ವಚ್ಛವಾಗಿರುತ್ತದೆ, ಹಾಗಾಗಿ ತಪ್ಪನ್ನು ಆ ಕಡೆ ಇರುವ ಮನುಷ್ಯನ ತಲೆಗೆ ಕಟ್ಟುತ್ತೇವೆ. ಎದುರಾಬದುರು ಕೂತು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು. ಅದಕ್ಕಿಂತ ತುಂಬಾ ಹೆಚ್ಚಾದರೆ ಎದುರಿನವರು ಅನುಮಾನಿಸುತ್ತಿದ್ದಾರೆ ಎಂದೇ ನಮ್ಮ ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ. ಒಂದು ಕಡೆಗೆ ಅರ್ಧ ಸೆಕೆಂಡ್ ತಡ ಇದ್ದರೆ, ಅಣ್ಣ "ಎರಡು ಸಾವಿರದ ಇನ್ನೂರು" ಅಂದ ಮಾತು ಅರ್ಧ ಸೆಕೆಂಡ್ ಬಿಟ್ಟು ತಮ್ಮನಿಗೆ ಮುಟ್ಟುತ್ತದೆ, ತಮ್ಮನ "ಆಯ್ತು" ಇನ್ನರ್ಧ ಸೆಕೆಂಡ್ ಬಿಟ್ಟು ಅಣ್ಣನಿಗೆ ಮುಟ್ಟುತ್ತದೆ. ಸಹಜ ಬಿಡುವೂ ಸೇರಿ ಅಣ್ಣನಿಗೆ ಕೇಳುವುದು 1.2 ಸೆಕೆಂಡ್ ಮೌನ. ಅಷ್ಟರಲ್ಲಿ ಅವರು ತಡೆಯಲಾರದೆ "ಯಾಕೋ, ಜಾಸ್ತಿ ಆಯ್ತೇನೋ?" ಅಂದಿರುತ್ತಾರೆ. ಆ ಮಾತು ತಮ್ಮನ ಮುಂದಿನ ವಾಕ್ಯದ ನಡುವೆ ಹೋಗಿ ಬೀಳುತ್ತದೆ. ಇದೇ ಕಾರಣಕ್ಕೆ ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಟಿಯುನ ಜಿ.114 ಶಿಫಾರಸು ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಬಹುಪಾಲು ಮಾತುಕತೆಗೆ ತೊಂದರೆಯಿಲ್ಲ ಅನ್ನುತ್ತದೆ, 400 ಅನ್ನು ದಾಟಲೇಬಾರದ ಗೆರೆ ಅಂತ ಇಡುತ್ತದೆ. ನಿಮ್ಮ ಬಫರ್ ಒಂದೇ ಆ ಗೆರೆ ದಾಟಿದೆ.

ಬಫರ್ ಮಾಡುವ ಕೆಲಸ ಇಷ್ಟೇ. ಕಳಿಸುವ ಫೋನು 20 ಮಿಲಿಸೆಕೆಂಡ್‌ಗೊಂದು ಪ್ಯಾಕೆಟ್ ತಪ್ಪದೆ ಬಿಡುತ್ತದೆ, ಅವು ತಲುಪುವುದು ಮಾತ್ರ ಒಮ್ಮೆ 15ಕ್ಕೆ, ಒಮ್ಮೆ 40ಕ್ಕೆ, ಒಮ್ಮೆ ಎರಡು ಜೊತೆಗೆ. ಈ ಏರುಪೇರೇ ಜಿಟರ್. ಬೆಣ್ಣೆದೋಸೆ ಹೋಟೆಲಿನಲ್ಲಿ ಹುಡುಗ ದೋಸೆ ತರುವುದು ಹೆಚ್ಚುಕಮ್ಮಿ ಆಗುತ್ತೆ ಅಂತ ತಟ್ಟೆಯಲ್ಲಿ ಒಂದನ್ನು ಮುಂಗಡವಾಗಿ ಇಟ್ಟುಕೊಂಡು ತಿಂದ ಹಾಗೆ ಈ ಬಫರ್. ತಿನ್ನುವುದು ನಿಲ್ಲುವುದಿಲ್ಲ, ಆದರೆ ತಿನ್ನುವ ಪ್ರತಿ ದೋಸೆಯೂ ಅಷ್ಟು ಹೊತ್ತು ಆರಿದ್ದು. ಐದು ಮುಂಗಡ ಇಟ್ಟುಕೊಂಡರೆ ಹುಡುಗ ಎಷ್ಟು ತಡ ಮಾಡಿದರೂ ಚಿಂತೆಯಿಲ್ಲ, ಬಿಸಿ ದೋಸೆಯ ಆಸೆ ಬಿಡಬೇಕು. ಬಫರ್‌ನ ಆಳಕ್ಕಿಂತ ತಡವಾಗಿ ಬಂದ ಪ್ಯಾಕೆಟ್ಟನ್ನು ಫೋನು ಎಸೆದುಬಿಡುತ್ತದೆ. ಅಂದರೆ ತಲುಪಿದರೂ ಅದು ಕಳೆದದ್ದೇ.

ಆ ಅಂಗಡಿಯಲ್ಲಿ ಸುಳಿವು ಸಿಕ್ಕಿದ್ದೇ ಇಲ್ಲಿಂದ. ಬೆಂಗಳೂರಿನ ಫೋನಿನ ಬಫರ್ ಅನ್ನು 60ಕ್ಕೆ ಇಳಿಸಿ, ಒಂದು ಕರೆ ಮಾಡಿಸಿ, ಫೋನಿನ ಅಂಕಿಅಂಶದ ಪುಟ ನೋಡಿದೆ. ದಾರಿಯಲ್ಲಿ ಕಳೆದ ಪ್ಯಾಕೆಟ್ ಹೆಚ್ಚುಕಮ್ಮಿ ಸೊನ್ನೆ. ತಡವಾಗಿ ಬಂದು ಎಸೆದದ್ದು ನೂರಕ್ಕೆ ಆರು. ಅದೂ ಬೆಂಗಳೂರಿನ ಕಡೆ ಮಾತ್ರ, ಅಣ್ಣನ ಕಿವಿಗೆ ತಮ್ಮನ ಮಾತು ಚೆನ್ನಾಗಿಯೇ ಬರುತ್ತಿತ್ತು. ನಿಮ್ಮ ಮಾತು ಅವರಿಗೆ ಒಡೆದು ಕೇಳುತ್ತದೆ, ಅವರ ಮಾತು ನಿಮಗೆ ಸರಿಯಾಗಿದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ನಿಮ್ಮ ಅಪ್‌ಲೋಡನ್ನು. ಹಾಗಾಗಿ ಮಂಡಿಯ ಕಂಪ್ಯೂಟರಿನಿಂದ ಇದನ್ನು ಓಡಿಸಿದೆ:

```
ping -n 100 8.8.8.8
```

ಬಹಳಷ್ಟು ಉತ್ತರ 25 ಮಿಲಿಸೆಕೆಂಡ್ ಸುತ್ತ. ಆಗಾಗ ಇದ್ದಕ್ಕಿದ್ದಂತೆ 200, 340, ಮತ್ತೆ 25. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ, ಫೈಬರ್‌ನಲ್ಲಿ ಬೆಳಕಿಗೆ ಅದು ಒಂದೂವರೆ ಮಿಲಿಸೆಕೆಂಡ್ ದಾರಿಯೂ ಅಲ್ಲ. ತಡ ಹುಟ್ಟುವುದು ದೂರದಿಂದಲ್ಲ, ಸರದಿಯಿಂದ. ಮಂಡಿಯ ಎಂಟು ಸಿಸಿ ಕ್ಯಾಮೆರಾ ಚಿತ್ರವನ್ನು ಕ್ಲೌಡ್‌ಗೆ ಕಳಿಸುತ್ತಿದ್ದವು. ಅಪ್‌ಲೋಡ್ ವೇಗ 4 ಮೆಗಾಬಿಟ್. ರೌಟರ್ ತನ್ನೊಳಗೆ 256 ಕಿಲೋಬೈಟ್ ಸರದಿ ನಿಲ್ಲಿಸಿಕೊಳ್ಳುತ್ತದೆ ಅಂತ ಲೆಕ್ಕ ಹಿಡಿದರೆ, ಅದು ತುಂಬಿದಾಗ ಖಾಲಿಯಾಗಲು ಅರ್ಧ ಸೆಕೆಂಡ್ ಬೇಕು. ಕ್ಯಾಮೆರಾಗಳು ಎರಡು ಸೆಕೆಂಡಿಗೊಮ್ಮೆ ಪೂರ್ತಿ ಚಿತ್ರ ತಳ್ಳಿದಾಗಲೆಲ್ಲ ಅಣ್ಣನ ಮಾತಿನ ಪ್ಯಾಕೆಟ್ಟು ಲಾರಿಗಳ ಹಿಂದೆ ಸಿಕ್ಕ ಸೈಕಲ್‌ನಂತೆ ನಿಲ್ಲುತ್ತಿತ್ತು.

ಮೊದಲು ಬಂದವರು ಈ ಸರದಿಯನ್ನು ನೋಡಲಿಲ್ಲ. ಎರಡೂ ಕಡೆ ಬಫರ್ ಅನ್ನು 400ಕ್ಕೆ ಗಟ್ಟಿ ಮಾಡಿಬಿಟ್ಟರು. ತಡವಾದ ಪ್ಯಾಕೆಟ್ಟುಗಳೂ ಸಮಯಕ್ಕೆ ಸಿಕ್ಕವು, ಕರಕರ ಹೋಯಿತು. ಆದರೆ ನೂರಕ್ಕೆ ಆರನ್ನು ಉಳಿಸಲು ಉಳಿದ ತೊಂಬತ್ತನಾಲ್ಕನ್ನೂ ಕಾಯಿಸಿ ಕೂರಿಸಿದ ಹಾಗಾಯಿತು. ಸಿನಿಮಾ ನೋಡುವುದಕ್ಕೆ, ಒಬ್ಬರೇ ಮಾತಾಡುವ ಪಾಠಕ್ಕೆ ಇದು ಒಳ್ಳೆಯ ವ್ಯಾಪಾರವೇ. ವ್ಯಾಪಾರದ ಮಾತಿಗೆ ಅಲ್ಲ.

ಈಗ ಕೋಡೆಕ್ಕಿಗೆ ಬರೋಣ. ಅಲ್ಲಿ ಇದ್ದದ್ದು ಜಿ.729. "8 ಕಿಲೋಬಿಟ್ ಸಾಕು, ನೆಟ್ ಉಳಿಯುತ್ತೆ" ಅಂತ ಹಾಕಿದ್ದರು. 20 ಮಿಲಿಸೆಕೆಂಡ್ ಮಾತಿಗೆ ಅದು 20 ಬೈಟ್ ಮಾಡುತ್ತದೆ ನಿಜ, ಆದರೆ ಪ್ರತಿ ಪ್ಯಾಕೆಟ್ಟಿನ ವಿಳಾಸ, ಸರಣಿ ಸಂಖ್ಯೆ ಇತ್ಯಾದಿಗೆ 40 ಬೈಟ್ ಮೇಲುಹೊರೆ ಇರುತ್ತದೆ. ಒಟ್ಟು 60 ಬೈಟ್, ಸೆಕೆಂಡಿಗೆ 50 ಪ್ಯಾಕೆಟ್, ಅಂದರೆ 24 ಕಿಲೋಬಿಟ್. ಮೇಲುಹೊರೆಯೇ ಜಾಸ್ತಿ ಆಯಿತಲ್ಲ ಅಂತ ಅವರು ಒಂದು ಪ್ಯಾಕೆಟ್ಟಿಗೆ 60 ಮಿಲಿಸೆಕೆಂಡ್ ಮಾತು ತುಂಬಿದ್ದರು. ಹೊರೆ 13 ಕಿಲೋಬಿಟ್ ಚಿಲ್ಲರೆಗೆ ಇಳಿಯಿತು. ಆದರೆ ಮೊದಲ ಪ್ಯಾಕೆಟ್ ಹೊರಡುವ ಮುಂಚೆಯೇ 60 ಮಿಲಿಸೆಕೆಂಡ್ ಕಾಯಬೇಕು, ಒಂದು ಕಳೆದರೆ 60 ಮಿಲಿಸೆಕೆಂಡ್ ಮಾತು ಒಟ್ಟಿಗೇ ಹೋಗುತ್ತದೆ. ಎಂಟು ಕ್ಯಾಮೆರಾ ಓಡುವ ಲೈನಿನಲ್ಲಿ 11 ಕಿಲೋಬಿಟ್ ಉಳಿಸಿ ಏನು ಮಾಡುತ್ತಾರೋ ಗೊತ್ತಿಲ್ಲ!

20 ಮಿಲಿಸೆಕೆಂಡ್ ಕಳೆಯುವುದು ನಿಜಕ್ಕೂ ಚಿಕ್ಕ ನಷ್ಟ. "ಸಾವಿರ" ಅನ್ನುವಾಗ "ಸಾ" ಒಂದೇ 200 ಮಿಲಿಸೆಕೆಂಡ್ ಹತ್ತಿರ ಹಿಡಿಯುತ್ತದೆ. ಅದರ ಹತ್ತನೇ ಒಂದು ಭಾಗ ಹೋದರೆ ಹಿಂದಿನ ಧ್ವನಿಯ ಅಲೆಯನ್ನೇ ಮುಂದುವರಿಸಿ ಫೋನು ತೇಪೆ ಹಾಕುತ್ತದೆ, ಹೆಚ್ಚಿನ ಸಲ ಕಿವಿಗೆ ತಿಳಿಯುವುದೇ ಇಲ್ಲ. ನೂರಕ್ಕೊಂದು ಕಳೆಯುವುದೆಂದರೆ ಎರಡು ಸೆಕೆಂಡಿಗೆ ಇಂಥ ಒಂದು ತೇಪೆ. ಮೂರ್ನಾಲ್ಕು ಸಾಲಾಗಿ ಹೋದಾಗ ಮಾತ್ರ ಊಹಿಸಲು ಏನೂ ಉಳಿಯದೆ ಧ್ವನಿ ಇಳಿದು ಮೌನವಾಗುತ್ತದೆ. ಜಿ.729 ಹಿಂದಿನ ಧ್ವನಿಯ ಆಧಾರದ ಮೇಲೆ ಮುಂದಿನದನ್ನು ಕಟ್ಟುವ ಕಾರಣ, ಒಂದು ಕಳೆದರೆ ಮುಂದಿನ ಒಂದೆರಡೂ ಸ್ವಲ್ಪ ಸೊಟ್ಟಗಾಗುತ್ತವೆ. 64 ಕಿಲೋಬಿಟ್‌ನ ಹಳೇ ಜಿ.711ಗೆ ಆ ರೋಗವಿಲ್ಲ.

ನಾನು ಹಾಕಿದ್ದು ಓಪಸ್. 2012ರಲ್ಲಿ ಪ್ರಮಾಣಿತವಾದ, ಯಾರು ಬೇಕಾದರೂ ಬಳಸಬಹುದಾದ ಕೋಡೆಕ್. ಅದರಲ್ಲಿ ನನಗೆ ಬೇಕಾದದ್ದು ಒಂದು ಗುಣ: ಪ್ರತಿ ಪ್ಯಾಕೆಟ್ಟಿನೊಳಗೆ ಅದರ ಹಿಂದಿನದರ ಒಂದು ಮೋಟು ಪ್ರತಿಯನ್ನೂ ಇಟ್ಟು ಕಳಿಸಬಲ್ಲದು. ಹಿಂದಿನದು ಕಳೆದರೆ ಊಹೆ ಬೇಕಿಲ್ಲ, ಮುಂದಿನದರಿಂದ ತೆಗೆದುಕೊಳ್ಳಬಹುದು. ಅದಕ್ಕೆ ಮುಂದಿನದು ಬರುವವರೆಗೆ, ಅಂದರೆ 20 ಮಿಲಿಸೆಕೆಂಡ್ ಕಾಯುವಷ್ಟು ಬಫರ್ ಇದ್ದರೆ ಸಾಕು. ಸಾಲಾಗಿ ಹೋದರೆ ಇದೂ ಕೈಕೊಡುತ್ತದೆ, ಮತ್ತು ಕಳಿಸುವ ಕಡೆಗೆ ಲೈನಿನಲ್ಲಿ ನಷ್ಟವಿದೆ ಅಂತ ತಿಳಿದಿದ್ದರೆ ಮಾತ್ರ ಮೋಟು ಪ್ರತಿ ಹಾಕುತ್ತದೆ. ಕರೆ ಶುರುವಾಗುವಾಗ ಎರಡೂ ಫೋನು ಮಾಡಿಕೊಳ್ಳುವ ಒಪ್ಪಂದದಲ್ಲಿ, ಅಂದರೆ ಎಸ್‌ಡಿಪಿಯಲ್ಲಿ, ಹೀಗೆ ಕಾಣಬೇಕು:

```
a=rtpmap:111 opus/48000/2
a=fmtp:111 minptime=10;useinbandfec=1
a=ptime:20
```

ಜೊತೆಗೆ ರೌಟರಿನಲ್ಲಿ ಅಪ್‌ಲೋಡನ್ನು 4 ಮೆಗಾಬಿಟ್‌ನಿಂದ 3.5ಕ್ಕೆ ಕಟ್ಟಿ, ಮಾತಿನ ಪ್ಯಾಕೆಟ್ಟಿಗೆ ಮುಂದಿನ ಸಾಲು ಕೊಟ್ಟೆ. ವೇಗ ಕಡಿಮೆ ಮಾಡಿದರೆ ಒಳ್ಳೆಯದಾಗುವುದು ಹೇಗೆ ಅಂತ ಅಣ್ಣ ಕೇಳಿದರು. ಹಾಗೆ ಕಟ್ಟಿದಾಗಲೇ ಸರದಿ ನಮ್ಮ ಕೈಲಿರುತ್ತದೆ, ಇಲ್ಲದಿದ್ದರೆ ಮುಂದಿನ ಪೆಟ್ಟಿಗೆಯಲ್ಲಿ ಯಾರ ಹಿಡಿತಕ್ಕೂ ಸಿಗದೆ ಬೆಳೆಯುತ್ತದೆ. ಬಫರ್ ಅನ್ನು ತಾನೇ ಹೊಂದಿಕೊಳ್ಳುವ ಬಗೆಗೆ ಬದಲಿಸಿ, ಕನಿಷ್ಠ 20, ಗರಿಷ್ಠ 120 ಇಟ್ಟೆ. ಅದು ಮಾತಿನ ನಡುವಿನ ಬಿಡುವಿನಲ್ಲಿ ಕುಗ್ಗುತ್ತದೆ, ಲೈನು ಕುಲುಕಿದಾಗ ಹಿಗ್ಗುತ್ತದೆ.

ಮುಂಚೆ ಒಂದು ಕಡೆಯ ತಡ: ತುಂಬಿಸಲು 60, ದಾರಿ ಮತ್ತು ಫೋನಿನ ಒಳಗಿನದು ಸೇರಿ ಸುಮಾರು 35, ಬಫರ್ 400. ಸುಮಾರು 495. ಆಮೇಲೆ ತುಂಬಿಸಲು 20, ಮಿಕ್ಕ 35, ಬಫರ್ ಸರಾಸರಿ 50. ಸುಮಾರು 105. ಎಸೆಯುವ ಪ್ಯಾಕೆಟ್ ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಬಂತು, ಆಗೊಮ್ಮೆ ಈಗೊಮ್ಮೆ ಚಿಕ್ಕ ಚಿಟುಕು ಕೇಳುತ್ತದೆ. ಅಣ್ಣ ಅದರ ಬಗ್ಗೆ ಇವತ್ತಿಗೂ ಒಂದು ಮಾತೂ ಆಡಿಲ್ಲ. ಆಡಿದ್ದು ಬೇರೆ: "ಈಗ ರೇಟು ಹೇಳೋ ಮುಂಚೇನೇ ಆಗಲ್ಲ ಅಂತಾನ್ರೀ."

ನಿಮ್ಮಲ್ಲಿ ಒಟ್ಟು ತಡ ಅಳೆಯಲು ಯಂತ್ರ ಬೇಡ. ನಿಮ್ಮ ಎರಡು ಫೋನನ್ನು ಒಂದೇ ಮೇಜಿನ ಮೇಲಿಟ್ಟು, ಸರ್ವರ್ ಮೂಲಕ ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿ. ಕೂಗಾಟ ಬರದಂತೆ ಎರಡನೆಯದರ ಮೈಕ್ ಮುಚ್ಚಿ. ಮೊದಲನೆಯದರ ಪಕ್ಕ ಪೆನ್ನಿನಿಂದ ಮೇಜು ಕುಟ್ಟಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ರೆಕಾರ್ಡಿಂಗಿನಲ್ಲಿ ಎರಡು ಟಕ್ ಕಾಣುತ್ತವೆ, ಅವುಗಳ ನಡುವಿನ ಅಂತರವೇ ಒಂದು ಕಡೆಯ ತಡ. ಬ್ರೌಸರಿನಿಂದ ಮಾತಾಡುವವರಾದರೆ `chrome://webrtc-internals` ತೆರೆದು `jitterBufferDelay` ಅನ್ನು `jitterBufferEmittedCount`ನಿಂದ ಭಾಗಿಸಿ, ಬಫರ್ ಒಂದೇ ಎಷ್ಟು ಸೆಕೆಂಡ್ ತಿನ್ನುತ್ತಿದೆ ಅಂತ ಸಿಗುತ್ತದೆ. ಎರಡೂ ಕರೆಯ ಆರಂಭದಿಂದ ಕೂಡುತ್ತಾ ಬರುವ ಸಂಖ್ಯೆಗಳು, ಆದ್ದರಿಂದ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಂಡು ವ್ಯತ್ಯಾಸಗಳನ್ನು ಭಾಗಿಸಿ.

ಬಫರ್ ಇಳಿಸಿದ ಮೇಲೆ ಕರಕರ ಯಾವ ಕಡೆ ಕೇಳುತ್ತದೆ, ನಿಮಗೋ ಅವರಿಗೋ, ಮತ್ತು ಆ ಹೊತ್ತಿಗೆ ಆಫೀಸಿನಿಂದ ಏನು ಅಪ್‌ಲೋಡ್ ಆಗುತ್ತಿದೆ, ಇವೆರಡನ್ನು ನೋಡಿ ಕೆಳಗೆ ಬರೆಯಿರಿ. ಫೋನು ವೈಫೈನಲ್ಲಿದ್ದರೆ ಅದಕ್ಕೂ ಮುಂಚೆ ಒಂದು ಸಲ ಕೇಬಲ್ ಹಾಕಿ ನೋಡಿ.