ಹಳೇ ಕವಿತೆ ತಿದ್ದೋದರ ಬಗ್ಗೆ

"ಇಪ್ಪತ್ತನೇ ವಯಸ್ಸಲ್ಲಿ ಬರೆದ ಕವಿತೆಗಳನ್ನ ಈಗ ಸಂಕಲನ ಮಾಡ್ಬೇಕು ಅಂತಿದೀನಿ, ಯಾವುದನ್ನ ತಿದ್ದಲಿ, ಯಾವುದನ್ನ ಹಾಗೇ ಬಿಡಲಿ?"

ಪ್ರಾಸಕ್ಕೋ ಮಾತ್ರೆ ತುಂಬೋಕೋ ತುರುಕಿದ ಪದ ಇದ್ರೆ ಧೈರ್ಯವಾಗಿ ತಿದ್ದಿ, ಆದ್ರೆ ಆಗಿನ ನಂಬಿಕೆ ಮುಟ್ಬೇಡಿ. ನನ್ನದೇ ಹಳೇ ಸಾಲು ನೋಡಿ:

ಮಳೆಯು ಬಂದಿತು ಮೆಲ್ಲ
ನೀನು ಬರಲೇ ಇಲ್ಲ
ಇನ್ನು ಬದುಕೇ ಇಲ್ಲ

ಅವತ್ತು ಬಂದಿದ್ದು ಜಡಿಮಳೆ, 'ಮೆಲ್ಲ' ಬರೀ 'ಇಲ್ಲ'ಕ್ಕೆ ಜೋಡಿಯಾಗಿ ಬಂದಿದ್ದು. 'ಮಳೆಯು ಬಂದಿತು ಸುರಿದು' ಅಂತ ಮಾಡ್ದೆ, ಮೂರು-ನಾಲ್ಕು-ಮೂರು ಮಾತ್ರೆ ಹಾಗೇ ಉಳೀತು, ಒಂದು ಪ್ರಾಸ ಹೋಯ್ತು ಅಷ್ಟೇ. ಮೂರನೇ ಸಾಲು ಈಗ ಅತಿ ಅನ್ಸುತ್ತೆ, 'ನೋವಾಯಿತು' ಅಂತ ತಗ್ಗಿಸೋ ಆಸೆನೂ ಬಂತು, ಆದ್ರೆ ಆ ವಯಸ್ಸಲ್ಲಿ ಅದು ನಿಜವಾಗ್ಲೂ ಹಾಗೇ ಅನ್ಸಿತ್ತು, ತಗ್ಗಿಸಿದ್ರೆ ಇಪ್ಪತ್ತರ ಹುಡುಗನ ಬಾಯಲ್ಲಿ ಅರವತ್ತರವನ ಮಾತು ಕೂತು ಕವಿತೆ ಎರಡು ಹೋಳಾಗುತ್ತೆ, ಹಾಗಾಗಿ ಬಿಟ್ಟೆ.

ತಿದ್ದುವಾಗ ಹೊಸ ಪ್ರತಿಮೆ, ಈಗಿನ ತಿಳುವಳಿಕೆ ಒಳಗೆ ಬರ್ತಿದೆ ಅನ್ಸಿದ್ರೆ ಅಲ್ಲೇ ನಿಲ್ಸಿ, ಅದನ್ನ ಬೇರೆ ಕವಿತೆ ಮಾಡಿ. ಮೂಲ ಪ್ರತಿ ಮಾತ್ರ ಎತ್ತಿಡಿ, ಮೊದಲೇ ಎಲ್ಲಾದ್ರೂ ಅಚ್ಚಾಗಿದ್ರೆ ಕೆಳಗೆ ಬರೆದ ವರ್ಷ, ತಿದ್ದಿದ ವರ್ಷ ಎರಡೂ ಹಾಕಿ.