ರೀಲ್ಸ್ ಹಾಕಿ ನಾಲ್ಕು ತಿಂಗಳಾಯ್ತು, ದುಡ್ಡು ಬಂದಿಲ್ಲ: ಕಂಪನಿಗೆ ಏನಂತ ಬರೀಲಿ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಅಡುಗೆ ರೀಲ್ಸ್ ಮಾಡ್ತೀನಿ. ಬೆಂಗಳೂರಿನ ಒಂದು ಮಸಾಲೆ ಕಂಪನಿಗೆ ಎರಡು ರೀಲ್ಸ್ ಮಾಡಿಕೊಟ್ಟೆ. ಅವರು ಓಕೆ ಅಂದ ಮೇಲೆ ಫೆಬ್ರುವರಿ 8ಕ್ಕೆ ಪೋಸ್ಟ್ ಆದವು. 10ನೇ ತಾರೀಖು ನನ್ನ ಪೇಜಿನ ಹೆಸರಲ್ಲಿ 60,000 ರೂಪಾಯಿ ಬಿಲ್ ಮೇಲ್ ಮಾಡಿದೆ. ಬಿಲ್ ಆದ 30 ದಿನಕ್ಕೆ ದುಡ್ಡು ಅಂತ ಮೇಲ್‌ನಲ್ಲೇ ಒಪ್ಪಿದ್ರು. ಈಗ ಜೂನ್ ಎರಡನೇ ವಾರ. ಮಾರ್ಕೆಟಿಂಗ್ ಮೇಡಂಗೆ ವಾಟ್ಸಾಪ್ ಮಾಡಿದಾಗಲೆಲ್ಲ ‘ಪ್ರೊಸೆಸ್‌ನಲ್ಲಿದೆ’ ಅಂತಾರೆ. ಹೋದ ವರ್ಷ ಬ್ಯಾಂಕ್ ಸಾಲಕ್ಕಂತ ಉದ್ಯಮ್ ನೋಂದಣಿ ಮಾಡಿಸಿದ್ದೆ, ಅದು ಉಪಯೋಗಕ್ಕೆ ಬರ್ತದಾ? ರೀಲ್ಸ್ ಡಿಲೀಟ್ ಮಾಡಿಬಿಡ್ಲಾ?

ಉತ್ತರ: ಡಿಲೀಟ್ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಬಿಲ್ ತೆಗೆದು ನೋಡಿ.

ಪೇಜಿನ ಹೆಸರಲ್ಲಿ ಬಿಲ್ ಕಳಿಸಿದೆ ಅಂದಿರಿ. ಪ್ಯಾನ್ ಕಾರ್ಡ್ ಯಾರ ಹೆಸರಲ್ಲಿದೆ? ಬ್ಯಾಂಕ್ ಖಾತೆ? ಎರಡೂ ನಿಮ್ಮ ಸ್ವಂತ ಹೆಸರಲ್ಲೇ ಇರಬಹುದು. ಹಾಗಿದ್ದರೆ ಬಿಲ್ ಅಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಬಿಲ್, ಪ್ಯಾನ್, ಖಾತೆ ಮೂರರಲ್ಲೂ ಒಂದೇ ಹೆಸರಿಲ್ಲದಿದ್ದರೆ ಅಕೌಂಟ್ಸ್‌ನವರು ಅದನ್ನು ಪಕ್ಕಕ್ಕಿಡುತ್ತಾರೆ. ಎಷ್ಟೋ ಕಡೆ ಅದನ್ನು ನಿಮಗೆ ತಿಳಿಸುವವರೂ ಇರುವುದಿಲ್ಲ. ಮಾರ್ಕೆಟಿಂಗ್ ಮೇಡಂ ಬಿಲ್ ಮುಂದೆ ಕಳಿಸಿರುತ್ತಾರೆ, ಅವರ ಲೆಕ್ಕದಲ್ಲಿ ಅದು ಪ್ರೊಸೆಸ್‌ನಲ್ಲೇ ಇರುತ್ತದೆ. ಇನ್ನೊಂದು ಕಾರಣ ಪಿ.ಒ. ನಂಬರ್. ಕಂಪನಿ ನಿಮಗೆ ಪರ್ಚೇಸ್ ಆರ್ಡರ್ ಕೊಟ್ಟಿದ್ದರೆ ಅದರ ನಂಬರ್ ಬಿಲ್ ಮೇಲೆ ಇರಲೇಬೇಕು.

ಹಾಗಾಗಿ ಬಿಲ್ ತಿದ್ದಿ. ಮೇಲೆ ನಿಮ್ಮ ಹೆಸರು, ಅದರ ಕೆಳಗೆ ಪೇಜಿನ ಹೆಸರು ಬರಲಿ. ಆದರೆ ಬಿಲ್ ನಂಬರ್ ಮತ್ತು ತಾರೀಖು ಹಳೆಯದೇ ಇರಲಿ, ‘ತಿದ್ದಿದ ಪ್ರತಿ’ ಅಂತ ಒಂದು ಮಾತು ಸೇರಿಸಿ. ‘ಹೊಸ ಬಿಲ್ ಕಳಿಸಿ’ ಅಂದರು ಅಂತ ಜೂನ್ ತಾರೀಖು ಹಾಕಿಬಿಟ್ಟರೆ 30 ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾಲ್ಕು ತಿಂಗಳು ಕಾದದ್ದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ಮೇಲ್ ಬರೆಯುವ ಮುಂಚೆ ಇನ್ನೊಂದು ಕೆಲಸ ಇದೆ. ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ಜನವರಿ–ಮಾರ್ಚ್ ಅವಧಿಯ 26ಎಎಸ್ ತೆಗೆಯಿರಿ. ನಿಮಗೆ ಕೊಡುವ ದುಡ್ಡಿನಲ್ಲಿ ಟಿಡಿಎಸ್ ಅಂತ ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆ ಅಂತ ತೋರಿಸುವ ಪಟ್ಟಿ ಅದು. ಕಂಪನಿ ಟಿಡಿಎಸ್ ಹಿಡಿಯಬೇಕಾದದ್ದು ಬಿಲ್ಲನ್ನು ಪುಸ್ತಕಕ್ಕೆ ಹತ್ತಿಸಿದಾಗ ಅಥವಾ ದುಡ್ಡು ಕೊಟ್ಟಾಗ, ಯಾವುದು ಮೊದಲೋ ಆಗ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವಾಗ ಬಾಕಿ ಬಿಲ್‌ಗಳನ್ನೂ ಹತ್ತಿಸುತ್ತಾರೆ. ಆ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಕೊನೆಯ ದಿನ ಮೇ 31. ಅಂದರೆ ಈಗ ಕಾಣಬೇಕು. ವೃತ್ತಿ ಶುಲ್ಕ ಅಂತ ಹಿಡಿದಿದ್ದರೆ 10 ಪರ್ಸೆಂಟ್, 6,000 ರೂಪಾಯಿ. ಆಗ ನಿಮ್ಮ ಖಾತೆಗೆ ಬರಬೇಕಾದದ್ದು 54,000. ಕಾಂಟ್ರಾಕ್ಟ್ ಅಂತ ಹಿಡಿದಿದ್ದರೆ 1 ಪರ್ಸೆಂಟ್, 600 ರೂಪಾಯಿ ಮಾತ್ರ.

ಆ ಕಂಪನಿ ಹೆಸರಿನ ಮುಂದೆ 60,000 ಕಂಡರೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಿಲ್ ಒಪ್ಪಿಕೊಂಡಿದ್ದೇವೆ ಅಂತ ಕಂಪನಿಯೇ ಸರ್ಕಾರಕ್ಕೆ ಹೇಳಿದ ಹಾಗಾಯ್ತು. ‘ಬಿಲ್ ಬಂದೇ ಇಲ್ಲ’ ಅನ್ನಲು ಇನ್ನು ಜಾಗ ಇರುವುದಿಲ್ಲ. ಕಾಣದಿದ್ದರೆ ಗಾಬರಿ ಬೇಡ. ಬಿಲ್ ಇನ್ನೂ ಪುಸ್ತಕಕ್ಕೆ ಹತ್ತಿಲ್ಲದಿರಬಹುದು, ಅಥವಾ ಅವರು ವಿವರ ಸಲ್ಲಿಸಲು ತಡ ಮಾಡಿರಬಹುದು.

ಈಗ ಮೇಲ್. ಹಳೇ ಬಿಲ್ ಕಳಿಸಿದ ಮೇಲ್‌ಗೇ ರಿಪ್ಲೈ ಮಾಡಿ. 30 ದಿನದ ಒಪ್ಪಿಗೆ, ಬಿಲ್, ಜ್ಞಾಪನೆ ಎಲ್ಲ ಒಂದೇ ಸರದಲ್ಲಿ ಇರುತ್ತವೆ. ಅಕೌಂಟ್ಸ್ ವಿಭಾಗದ ಐಡಿ ಕೇಳಿಕೊಂಡು ಅವರಿಗೆ ಕಳಿಸಿ, ಮೇಡಂ ಸಿಸಿಯಲ್ಲಿರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಅವರಿಗೆ ಇಂಗ್ಲಿಷ್ ಬೇಕಿದ್ದರೆ ಇದನ್ನೇ ಇಂಗ್ಲಿಷಿಗೆ ತನ್ನಿ:

> ವಿಷಯ: ಬಿಲ್ ನಂ. __, ₹60,000, ಮಾರ್ಚ್ 12ಕ್ಕೆ ಸಲ್ಲಬೇಕಿದ್ದದ್ದು, ಇನ್ನೂ ಬಾಕಿ
>
> ನಮಸ್ಕಾರ. ನಿಮ್ಮ ಒಪ್ಪಿಗೆ ಪಡೆದ ಎರಡು ರೀಲ್ಸ್ ಫೆಬ್ರುವರಿ 8ರಂದು ಪ್ರಕಟವಾಗಿವೆ. ಲಿಂಕ್‌ಗಳು ಕೆಳಗಿವೆ. ಫೆಬ್ರುವರಿ 10ರ ಬಿಲ್‌ಗೆ 30 ದಿನದಲ್ಲಿ ಹಣ ಪಾವತಿಸುವುದಾಗಿ ಇದೇ ಮೇಲ್‌ನಲ್ಲಿ ಒಪ್ಪಿದ್ದೀರಿ. ಹೆಸರು ಹೊಂದಿಕೆಯಾಗಲಿ ಎಂದು ತಿದ್ದಿದ ಪ್ರತಿ, ಪ್ಯಾನ್ ಮತ್ತು ರದ್ದು ಮಾಡಿದ ಚೆಕ್ ಲಗತ್ತಿಸಿದ್ದೇನೆ. ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಬದಲಾಗಿಲ್ಲ.
>
> ದಯವಿಟ್ಟು ಎರಡು ವಿಷಯ ತಿಳಿಸಿ. ಬೇರೆ ಯಾವುದಾದರೂ ದಾಖಲೆ ಬೇಕೇ? ಹಣ ಯಾವ ದಿನಾಂಕದಂದು ಖಾತೆಗೆ ಬರುತ್ತದೆ? ಶುಕ್ರವಾರದೊಳಗೆ ಉತ್ತರ ನಿರೀಕ್ಷಿಸುತ್ತೇನೆ.

‘ದಯವಿಟ್ಟು ಬೇಗ ಕೊಡಿ’ ಅಂದರೆ ‘ಆಯ್ತು’ ಅಂತ ಉತ್ತರ ಬರುತ್ತದೆ, ಅಷ್ಟೇ. ತಾರೀಖು ಕೇಳಿದರೆ ತಾರೀಖು ಹೇಳಬೇಕಾಗುತ್ತದೆ. ಮನೆ ಕಷ್ಟ, ಇಎಂಐ ಇವನ್ನೆಲ್ಲ ಬರೆಯಬೇಡಿ. ಇದು ನೀವು ದುಡಿದ ದುಡ್ಡು, ಸಹಾಯ ಕೇಳುತ್ತಿಲ್ಲ. ಫೋನಿನಲ್ಲಿ ಏನಾದರೂ ಹೇಳಿದರೆ ಅದೇ ದಿನ ‘ನೀವು ಹೀಗೆ ತಿಳಿಸಿದಿರಿ’ ಅಂತ ಮೇಲ್ ಹಾಕಿ.

ಶುಕ್ರವಾರ ಕಳೆದರೂ ಉತ್ತರ ಇಲ್ಲ ಅಂದರೆ ನಿಮ್ಮ ಉದ್ಯಮ್ ನೋಂದಣಿ ಕೆಲಸಕ್ಕೆ ಬರುತ್ತದೆ. ಈ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಅದು ಆಗಿತ್ತು ಅನ್ನುವುದು ದೊಡ್ಡ ಅನುಕೂಲ. ದುಡ್ಡು ಸಿಗದೇ ಹೋದ ಮೇಲೆ ನೋಂದಣಿ ಮಾಡಿಸಿದವರ ವಾದಕ್ಕೆ ಅಷ್ಟು ಬಲ ಇರುವುದಿಲ್ಲ. ಆದರೆ ಅದರಲ್ಲಿ ಯಾವ ಚಟುವಟಿಕೆ ಬರೆಸಿದ್ದೀರಿ ನೋಡಿ. ಸಾಲಕ್ಕೆಂದು ಉಪ್ಪಿನಕಾಯಿ, ಚಟ್ನಿಪುಡಿ ತಯಾರಿಕೆ ಮಾತ್ರ ಹಾಕಿಸಿದ್ದರೆ ವಿಡಿಯೊ, ಜಾಹೀರಾತು ಸೇವೆಯನ್ನೂ ಸೇರಿಸಿ. ಉದ್ಯಮ್ ಪೋರ್ಟಲ್‌ನಲ್ಲಿ ಇದಕ್ಕೆ ಶುಲ್ಕ ಇಲ್ಲ. ಸೈಬರ್ ಸೆಂಟರ್‌ನವರು ಸರ್ಕಾರಿ ಫೀ ಅಂತ ಕೇಳಿದರೆ ನಂಬಬೇಡಿ.

ಎರಡನೇ ಮೇಲ್‌ನಲ್ಲಿ ಉದ್ಯಮ್ ನಂಬರ್ ಹಾಕಿ. ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಒಪ್ಪಿದ ದಿನದೊಳಗೆ ಕೊಡದಿದ್ದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಬೀಳುತ್ತದೆ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಒಪ್ಪಂದದಲ್ಲಿ ಏನೇ ಬರೆದರೂ 45 ದಿನ ದಾಟುವಂತಿಲ್ಲ. ಬ್ಯಾಂಕ್ ದರ 5.5 ಇದ್ದರೆ ಬಡ್ಡಿ 16.5. ಅರವತ್ತು ಸಾವಿರಕ್ಕೆ ಮೊದಲ ತಿಂಗಳು 825 ರೂಪಾಯಿ.

ಕಂಪನಿಗೆ 825 ದೊಡ್ಡದಲ್ಲ. ಅಕೌಂಟ್ಸ್‌ನವರಿಗೆ ನಿಜವಾಗಿ ತಾಗುವುದು ಆದಾಯ ತೆರಿಗೆಯ ನಿಯಮ. ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ, ಮಾರ್ಚ್ 31ಕ್ಕೂ ಬಾಕಿ ಇರುವ ಹಣವನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲೇ ತೋರಿಸಬೇಕು. ನಿಮ್ಮ ಗಡುವು ಮಾರ್ಚ್ 12ಕ್ಕೆ ಮುಗಿದಿತ್ತು. ಈ ತಿಂಗಳುಗಳಲ್ಲಿ ಕಂಪನಿಗಳ ಆಡಿಟ್ ನಡೆಯುತ್ತಿರುತ್ತದೆ, ಹಾಗಾಗಿ ನಿಮ್ಮ ಮೇಲ್ ಮುಟ್ಟುವುದಕ್ಕೆ ಸಮಯವೂ ಸರಿಯಾಗಿದೆ.

ಅದಕ್ಕೂ ಬಗ್ಗದಿದ್ದರೆ ಎಂಎಸ್‌ಎಂಇ ಬಾಕಿಗಳ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಅದು ಇಂಥ ಬಾಕಿ ವ್ಯಾಜ್ಯಗಳನ್ನು ನೋಡುವ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮೊದಲು ರಾಜಿ ಪ್ರಯತ್ನ, ಆಗದಿದ್ದರೆ ಮಧ್ಯಸ್ಥಿಕೆ. ಕೊಳ್ಳುವ ಕಂಪನಿ ಮುಂಬೈಯಲ್ಲಿದ್ದರೂ ದೂರು ನಡೆಯುವುದು ಕೆಲಸ ಮಾಡಿಕೊಟ್ಟವರ ರಾಜ್ಯದಲ್ಲಿ. ಬೇಗ ಮುಗಿಯುತ್ತದೆ ಅಂತ ಮಾತ್ರ ಹೇಳಲಾರೆ, ತಿಂಗಳುಗಟ್ಟಲೆ ಹಿಡಿಯಬಹುದು.

ಇನ್ನು ಡಿಲೀಟ್ ವಿಷಯ. ರೀಲ್ಸ್ ಇಷ್ಟು ತಿಂಗಳು ಪೇಜಿನಲ್ಲಿರಬೇಕು ಅಂತ ಸಾಮಾನ್ಯವಾಗಿ ಒಪ್ಪಂದದಲ್ಲಿ ಇರುತ್ತದೆ. ನೀವು ತೆಗೆದ ಕೂಡಲೇ ಮಾತು ತಪ್ಪಿದವರು ನೀವಾಗುತ್ತೀರಿ, ದುಡ್ಡು ಕೊಡದಿರಲು ಅವರಿಗೆ ಕಾರಣ ಸಿಗುತ್ತದೆ. ಅವು ನಿಮ್ಮ ಕೆಲಸದ ಸಾಕ್ಷಿಯೂ ಹೌದು. ಆದರೆ ಕಂಪನಿ ಆ ರೀಲ್ಸನ್ನು ತನ್ನ ಜಾಹೀರಾತಾಗಿ ಓಡಿಸುತ್ತಿದೆಯಾ ಅಂತ ನೋಡಿ. ಅದಕ್ಕೆ ನೀವು ಕೊಟ್ಟ ಅನುಮತಿಯನ್ನು ಇನ್‌ಸ್ಟಾಗ್ರಾಂನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬಹುದು. ಒಪ್ಪಂದದಲ್ಲಿ ಜಾಹೀರಾತಿನ ಮಾತೇ ಇಲ್ಲದಿದ್ದರೆ, ಅಥವಾ ಒಪ್ಪಿದ ಅವಧಿ ಮುಗಿದಿದ್ದರೆ, ಆ ಅನುಮತಿಯನ್ನು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ, ಹಾಗೆ ಮಾಡಿದ್ದನ್ನು ಮೇಲ್‌ನಲ್ಲಿ ತಿಳಿಸಿ.